ತಿದ್ದಿದ ಮೇಲೂ ಅವಳದೇ ಕಾಗದ



ಪ್ರೂಫ್ ನೋಡುವುದರಲ್ಲೇ ಬಹುಕಾಲ ಕಳೆದವನನ್ನು ಉಪನ್ಯಾಸಕ್ಕೆ ಕರೆದಿದ್ದೀರಿ. ಭಾಷೆಯ ಭವಿಷ್ಯದಂಥ ದೊಡ್ಡ ವಿಷಯ ನನ್ನ ಅಳತೆಗೆ ಮೀರಿದ್ದು. ನನಗೆ ಗೊತ್ತಿರುವ ಒಂದು ಸಣ್ಣ ಕೆಲಸವನ್ನು ಹಿಡಿದುಕೊಂಡು ಅದರ ಒಳಹೊರಗನ್ನು ನಿಮ್ಮ ಮುಂದೆ ಇಡುತ್ತೇನೆ. ಪರದೇಶದಲ್ಲಿರುವ ಗೆಳತಿಗೆ ಒಬ್ಬ ಹೆಣ್ಣುಮಗಳು ಉದ್ದದ ಕಾಗದ ಬರೆದಿದ್ದಾಳೆ. ಅದರಲ್ಲಿ ಕಾಗುಣಿತದ ತಪ್ಪುಗಳಿವೆ, ವ್ಯಾಕರಣದ ತಪ್ಪುಗಳಿವೆ. ಅದನ್ನು ತಿದ್ದಬೇಕು. ಆದರೆ ಕಟ್ಟೆಯ ಮೇಲೆ ಕೂತು ಹರಟಿದ ಹಾಗಿರುವ ಅದರ ಬಿಸುಪು ಹೋಗಬಾರದು. ಇದು ಹೇಗೆ ಆದೀತು?

ಕಾಗದವನ್ನು ಯಾಕೆ ತಿದ್ದಬೇಕು, ಸ್ನೇಹಿತರ ನಡುವೆ ಕಾಗುಣಿತ ಯಾರು ಕೇಳುತ್ತಾರೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸ್ನೇಹಿತೆಯೇ ಓದುವುದಾದರೆ ಒಂದಕ್ಷರ ಮುಟ್ಟಬೇಕಾಗಿಲ್ಲ. ಅವಳಿಗೆ ಬರೆದವಳ ದನಿ ಗೊತ್ತು, ಊರು ಗೊತ್ತು. ತಪ್ಪಿನ ಒಳಗಿಂದಲೇ ಸರಿಯಾದದ್ದು ಅವಳಿಗೆ ಕೇಳಿಸುತ್ತದೆ. ತೊಡಕು ಬರುವುದು ಬೇರೆಯವರು ಓದುವಾಗ. ಗೆಳತಿಗೆ ಈಗ ಕಣ್ಣು ಮಂಜು. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರ ಕಲಿತಿದ್ದಾಳೆ, ಅಜ್ಜಿಗೆ ಕಾಗದ ಓದಿ ಹೇಳುವವಳು ಅವಳೇ. ಈ ಹುಡುಗಿ ಬರೆದದ್ದನ್ನು ಬರೆದ ಹಾಗೆಯೇ ಉಚ್ಚರಿಸುತ್ತಾಳೆ, ಗೊತ್ತಿಲ್ಲದ ಶಬ್ದವನ್ನು ನಿಘಂಟಿನಲ್ಲಿ ಹುಡುಕುತ್ತಾಳೆ. ಇಲ್ಲವೇ ಅಲ್ಲಿಯ ಕನ್ನಡ ಕೂಟದವರು ತಮ್ಮ ಸ್ಮರಣ ಸಂಚಿಕೆಗೆ ಊರಿಂದ ಬಂದ ಕಾಗದವೊಂದನ್ನು ಕೇಳಿರುತ್ತಾರೆ. ಈ ಎರಡು ಸಂದರ್ಭಗಳಲ್ಲಿ ಕಾಗದ ನಮ್ಮಂಥವರ ಮೇಜಿಗೆ ಬರುತ್ತದೆ. ಈವತ್ತಿನ ಮಾತಿಗೆ ನಾನು ಆ ಓದುವ ಹುಡುಗಿಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಯಾರದೋ ಖಾಸಗಿ ಕಾಗದವನ್ನು ಸಭೆಯಲ್ಲಿ ಓದುವುದು ತರವಲ್ಲ. ಆದ್ದರಿಂದ ಈ ಉಪನ್ಯಾಸಕ್ಕೆಂದೇ ಒಂದು ತುಣುಕನ್ನು ನಾನೇ ಕಟ್ಟಿದ್ದೇನೆ. ಹೆಸರೂ ಸಂಗತಿಯೂ ಕಲ್ಪಿತ; ತಪ್ಪುಗಳು ಮಾತ್ರ ನಿಜವಾದವು, ಇಂಥ ಕಾಗದಗಳಲ್ಲಿ ದಿನವೂ ಕಾಣುವಂಥವು. ಬರೆದವಳು ಹಾಸನದ ಕಡೆಯವಳು ಎಂದು ಇಟ್ಟುಕೊಳ್ಳಿ. ಅಚ್ಚಿನಲ್ಲಿ ಓದುವವರಿಗಾಗಿ ತಪ್ಪುಗಳನ್ನು ಹಾಗೆಯೇ ಬಿಟ್ಟಿದ್ದೇನೆ:

“ಲೇ ಪದ್ದು ಹೇಗಿದೀಯೆ ನಿನ್ನ ಕಾಗದ ಬಂದು ಎಸ್ಟು ಸಂತೋಶ ಆಯ್ತು ಅಂದ್ರೆ ಮದ್ಯಾನ್ಹ ಊಟಾನೂ ಮರ್ತು ಹೋಯ್ತು ಕಣೆ ಬಂದಿದ್ಲು ಮೊನ್ನೆ ನಿನ್ನ ನಾದಿನಿ ಬಸ್ ಅತ್ತಿ ಆಸನದಿಂದ ಒಬ್ಳೇ ನಮ್ಮ ಬಾವಿ ಮೋಟ್ರು ಆಳಾಗಿ ಮನೆಲಿ ನೀರಿಲ್ಲ ಅಂಥ ಗೊತ್ತಾಗಿ ಎರಡು ಕೊಡ ನೀರು ತಾನೇ ಸೇದಿ ಕೊಟ್ಟು ಹೋದ್ಲು ನೋಡು ಎಂತಾ ಹೆಂಗಸು. ಅವಳ ಸೊಸೆ ಕೆಲಸ ಬಿಟ್ಲಂತೆ. ಅಮ್ಮ ಸ್ನಾನ ಮಾಡಿ ಡಾಕ್ಟ್ರು ಬಂದ್ರು ಕಾಲಿನ ಬಾವು ಇಳಿದಿದೆ ಅಂದ್ರು ಅತ್ತೆ ಪಕ್ಕದಲ್ಲೇ ಕೂತಿದ್ರು ನಾನು ಆಸ್ಪತ್ರೆಗೆ ಬರೋದಿಲ್ಲ ಅಂಥ ಅಂದ್ಲು ಹಟ ಅಂದ್ರೆ ಹಟ. ನಮ್ಮ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಬೆಳಗಿನ ಜಾವ ನಿದ್ದೆಯಲ್ಲೇ ಹೋದರು. ನಿನ್ನನ್ನು ಬಹಳ ನೆನೆಯುತ್ತಿದ್ದರು.”

ಇದನ್ನು ಹೈಸ್ಕೂಲಿನ ಪ್ರಬಂಧ ತಿದ್ದುವ ಗತ್ತಿನಲ್ಲಿ ತಿದ್ದಿದರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಿ:

“ಪ್ರೀತಿಯ ಪದ್ಮಾ, ಹೇಗಿದ್ದೀಯ? ನಿನ್ನ ಪತ್ರ ತಲುಪಿ ಬಹಳ ಸಂತೋಷವಾಯಿತು. ಮೊನ್ನೆ ನಿನ್ನ ನಾದಿನಿಯು ಹಾಸನದಿಂದ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ನಮ್ಮ ಬಾವಿಯ ಮೋಟಾರು ಕೆಟ್ಟಿದ್ದರಿಂದ ಅವಳೇ ಎರಡು ಕೊಡ ನೀರನ್ನು ಸೇದಿ ಕೊಟ್ಟಳು. ಅವಳ ಸೊಸೆ ಕೆಲಸವನ್ನು ಬಿಟ್ಟಿದ್ದಾಳೆ. ಅಮ್ಮನವರು ಆಸ್ಪತ್ರೆಗೆ ಬರಲು ನಿರಾಕರಿಸಿದರು. ನಮ್ಮ ಮೇಷ್ಟ್ರು ಕಳೆದ ತಿಂಗಳು ನಿಧನರಾದರು.”

ಕಾಗುಣಿತದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಪದ್ದು ಇದನ್ನು ಕೇಳಿದರೆ ಯಾರೋ ಗುಮಾಸ್ತರು ಬರೆದುಕೊಟ್ಟಿದ್ದಾರೆ ಎಂದುಕೊಳ್ಳುತ್ತಾಳೆ. ಇಷ್ಟೇ ಆಗಿದ್ದರೆ ರುಚಿಯ ಮಾತು ಎಂದು ಬಿಡಬಹುದಿತ್ತು. ಇಲ್ಲಿ ಸಂಗತಿಯೇ ಬದಲಾಗಿದೆ. ಸೊಸೆ ಕೆಲಸ ಬಿಟ್ಟಿದ್ದಾಳೆ ಎಂದು ಬರೆದವಳು ಹೇಳಿಯೇ ಇಲ್ಲ. ಬಿಟ್ಟಳಂತೆ ಎಂದಿದ್ದಾಳೆ. ಅವಳು ಕೇಳಿದ ಸುದ್ದಿಗೆ ತಿದ್ದಿದವರು ಸಾಕ್ಷಿ ಹಾಕಿಬಿಟ್ಟಿದ್ದಾರೆ. ನಾಳೆ ಪದ್ದು ನಾದಿನಿಗೆ ಫೋನ್ ಮಾಡಿ, “ಸೊಸೆ ಕೆಲಸ ಬಿಟ್ಟಳಂತಲ್ಲ, ನಮ್ಮವಳು ಬರೆದಿದ್ದಾಳೆ” ಎಂದರೆ ಆಗುವ ರಾದ್ಧಾಂತಕ್ಕೆ ಹೊಣೆ ಯಾರು? ಹರಟೆಯ ಬಿಸುಪು ಎಂದು ನಾವು ಕರೆಯುವುದರಲ್ಲಿ ಬಹುಪಾಲು ಇಂಥ ಖಚಿತವಾದ ಅರ್ಥವೇ ಇದೆ. ಅದನ್ನು ಅಲಂಕಾರ ಎಂದು ತಿಳಿದವರು ಒರೆಸಿ ಹಾಕುತ್ತಾರೆ. ನಾನು ಈವತ್ತು ಹೇಳಬೇಕೆಂದಿರುವುದು ಇದೊಂದೇ ಮಾತು. ಉಳಿದದ್ದೆಲ್ಲ ಇದರ ವಿವರಣೆ.

ಮೊದಲ ಕೈ: ಕಾಗುಣಿತ

ಕಾಗದ ಕೈಗೆ ಬಂದ ಕೂಡಲೇ ಪೆನ್ನು ಎತ್ತಬಾರದು. ಒಮ್ಮೆ ಪೂರ್ತಿ, ಗಟ್ಟಿಯಾಗಿ ಓದಬೇಕು. ಬರೆದವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ನಗುತ್ತಾಳೆ, ಎಲ್ಲಿ ದನಿ ತಗ್ಗಿಸುತ್ತಾಳೆ ಎಂಬುದು ಆಗ ಗೊತ್ತಾಗುತ್ತದೆ. ಆಮೇಲೆ ಕಾಗುಣಿತವೊಂದನ್ನೇ ನೋಡುವ ಒಂದು ಸುತ್ತು. ಕಾಗುಣಿತ, ವಾಕ್ಯ, ಚಿಹ್ನೆ ಮೂರನ್ನೂ ಒಟ್ಟಿಗೆ ನೋಡಹೊರಟರೆ ಒಂದನ್ನು ಹಿಡಿಯುವಾಗ ಇನ್ನೊಂದು ತಪ್ಪಿಸಿಕೊಳ್ಳುತ್ತದೆ.

ನಮ್ಮ ತುಣುಕಿನ ಕಾಗುಣಿತದ ತಪ್ಪುಗಳು ಒಂದೇ ಜಾತಿಯವಲ್ಲ. ‘ಎಸ್ಟು’, ‘ಸಂತೋಶ’ ಇವು ಸ, ಶ, ಷಗಳ ಗೊಂದಲ. ಎಷ್ಟು, ಸಂತೋಷ ಎಂದು ತಿದ್ದಿದರೆ ಕಾಗದದ ದನಿಗೆ ಏನೂ ಆಗುವುದಿಲ್ಲ. ‘ಮದ್ಯಾನ್ಹ’ದಲ್ಲಿ ಎರಡು ತಪ್ಪು. ಧ ಇರಬೇಕಾದಲ್ಲಿ ದ ಇದೆ, ಹಕಾರಕ್ಕೆ ನಕಾರದ ಒತ್ತು ಬರಬೇಕಾದಲ್ಲಿ ತಿರುವುಮುರುವಾಗಿದೆ. ಮಾತಿನಲ್ಲಿ ಎಲ್ಲರೂ ‘ಮಧ್ಯಾನ’ ಎಂದೇ ಅನ್ನುವುದು. ಹಾಗಿದ್ದರೂ ಮಧ್ಯಾಹ್ನ ಎಂದು ತಿದ್ದಬೇಕು. ನಿಘಂಟು ತೆರೆಯುವ ಹುಡುಗಿಗೆ ಧ ಹೋಗಿ ದ ಆದರೆ ಮೊದಲು ಸಿಗುವುದು ‘ಮದ್ಯ’. ಅಜ್ಜಿಯ ಗೆಳತಿ ಊಟ ಮರೆತದ್ದಕ್ಕೆ ಕಾರಣವನ್ನು ಅವಳು ಬೇರೆಯದೇ ಊಹಿಸಿಯಾಳು!

‘ಅಂಥ ಗೊತ್ತಾಗಿ’ ಎಂಬುದು ಈಗ ತುಂಬ ಹಬ್ಬಿರುವ ತಪ್ಪು. ಮಾತನ್ನು ಮುಗಿಸಿ ಕಟ್ಟುವುದು ‘ಅಂತ’. ಅಲ್ಲಿ ಮಹಾಪ್ರಾಣ ಇಲ್ಲ. ‘ಅಂಥ’ ಎಂದರೆ ಅಂತಹ. ಅದೇ ತುಣುಕಿನಲ್ಲಿ ‘ಎಂತಾ ಹೆಂಗಸು’ ಎಂದಿದೆ. ಅಲ್ಲಿ ಎಂತಹ ಎಂಬರ್ಥ, ಹಾಗಾಗಿ ಮಹಾಪ್ರಾಣ ಬೇಕು: ಎಂಥಾ ಹೆಂಗಸು. ಬೇಡದ ಕಡೆ ಹಾಕಿದ್ದಾಳೆ, ಬೇಕಾದ ಕಡೆ ಬಿಟ್ಟಿದ್ದಾಳೆ. ಮಹಾಪ್ರಾಣ ಕಿವಿಗೆ ಕೇಳಿಸದೆ, ಬರೀ ನೆನಪಿನಿಂದ ಬರೆಯುವವರಲ್ಲಿ ಹೀಗೆಯೇ ಆಗುವುದು. ಕನ್ನಡಿಗರಲ್ಲಿ ಹೆಚ್ಚಿನವರು ಉಚ್ಚರಿಸದ ಮಹಾಪ್ರಾಣಗಳನ್ನು ಬರಹದಿಂದಲೂ ಬಿಡಬೇಕು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು, ತಮ್ಮ ಪುಸ್ತಕಗಳನ್ನು ಹಾಗೆಯೇ ಬರೆದೂ ತೋರಿಸಿದರು. ಆ ವಾದದಲ್ಲಿ ಹುರುಳಿದೆ. ಆದರೆ ಕಾಗದ ತಿದ್ದುವವನು ಬರವಣಿಗೆಯ ಸುಧಾರಣೆಗೆ ಹೊರಟವನಲ್ಲ. ಓದುವ ಹುಡುಗಿ ಕಲಿತ ಅಕ್ಷರಮಾಲೆ, ಅವಳ ಕೈಯಲ್ಲಿರುವ ನಿಘಂಟು ಎರಡೂ ಹಳೆಯ ಕಾಗುಣಿತದಲ್ಲೇ ಇರುವಾಗ ತಿದ್ದುವವನೂ ಅದನ್ನೇ ಅನುಸರಿಸಬೇಕು.

ಇನ್ನು ‘ಅತ್ತಿ’, ‘ಆಸನ’, ‘ಆಳಾಗಿ’. ಇವು ಸ್ವಲ್ಪ ಯೋಚನೆ ಕೇಳುತ್ತವೆ. ಕಿವಿಗೆ ಕೇಳಿಸುವುದನ್ನು ಬಿಡು, ಕಣ್ಣು ಎಡವುವುದನ್ನು ತಿದ್ದು ಎಂಬುದು ನನ್ನ ಸಾಮಾನ್ಯ ಸೂತ್ರ. ಹಕಾರ ಬೀಳುವುದು ಕಿವಿಗೆ ಕೇಳಿಸುತ್ತದೆ. ಬರೆದವಳು ಹಾಗೆಯೇ ಮಾತಾಡುವವಳಿರಬಹುದು. ಆದರೂ ಇಲ್ಲಿ ತಿದ್ದುತ್ತೇನೆ, ಯಾಕೆಂದರೆ ಹಕಾರ ಬಿದ್ದಾಗ ಉಳಿಯುವುದು ಬೇರೊಂದು ಶಬ್ದ. ಬಸ್ ‘ಅತ್ತಿ’ ಬಂದಳು ಎಂದರೆ ಹುಡುಗಿಗೆ ನಿಘಂಟಿನಲ್ಲಿ ಸಿಗುವುದು ಅತ್ತಿಮರ, ‘ಆಸನ’ ಎಂದರೆ ಕೂರುವ ಪೀಠ, ಮೋಟಾರು ‘ಆಳಾಗಿ’ ಹೋಯಿತು ಎಂದರೆ ಅದು ಯಾರ ಮನೆಯ ಆಳೋ! ಎದುರಿಗೆ ಕೂತು ಕೇಳುವವರಿಗೆ ಮುಖ ನೋಡಿ ಅರ್ಥವಾಗುವುದು, ಅಷ್ಟು ದೂರದಲ್ಲಿ ಅಕ್ಷರವನ್ನಷ್ಟೇ ಹಿಡಿದು ಓದುವವರಿಗೆ ಅರ್ಥವಾಗದು. ಆದರೆ ಅವಳು ತನ್ನ ಮನೆಗೆಲಸದಾಕೆಯ ಮಾತನ್ನು ಅನುಕರಿಸಿ “ಬಸ್ ಅತ್ಬುಟ್ಟೆ ಕಣವ್ವ” ಎಂದು ಬರೆದಿದ್ದರೆ ಅದನ್ನು ಮುಟ್ಟಬಾರದು. ಅಲ್ಲಿ ಹಕಾರ ಬಿದ್ದಿರುವುದೇ ಆ ವಾಕ್ಯದ ಜೀವ. ಉದ್ಧರಣ ಚಿಹ್ನೆ ಹಾಕಿದರೆ ಸಾಕು.

‘ಹಟ’ವನ್ನು ‘ಹಠ’ ಮಾಡಬೇಕೆ? ಬೇಡ. ಎರಡೂ ರೂಪಗಳು ಬಳಕೆಯಲ್ಲಿವೆ. ತಿದ್ದುವವನಿಗೆ ತನ್ನ ರೂಢಿ ಇಷ್ಟ ಎಂಬ ಕಾರಣಕ್ಕೆ ಮಾಡುವ ತಿದ್ದುಪಡಿ ತಿದ್ದುಪಡಿಯೇ ಅಲ್ಲ.

ಮಾತಿನ ರೂಪಕ್ಕೂ ಕಟ್ಟು ಇದೆ

ಈಗ ‘ಮನೆಲಿ’ ಎಂಬುದಕ್ಕೆ ಬರೋಣ. ಇದನ್ನು ‘ಮನೆಯಲ್ಲಿ’ ಎಂದು ಹಿಗ್ಗಿಸುವುದು ಸುಲಭ. ಹಾಗೆ ಮಾಡಿದರೆ ಅಕ್ಕಪಕ್ಕದ ಮೋಟ್ರು, ನೀರಿಲ್ಲ, ಹೋದ್ಲುಗಳ ನಡುವೆ ಅದೊಂದೇ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಕಾಣುತ್ತದೆ. ಹಾಗೆಂದು ‘ಮನೆಲಿ’ಯನ್ನು ಬಿಡುವ ಹಾಗೂ ಇಲ್ಲ, ಯಾಕೆಂದರೆ ಯಾರೂ ಹಾಗೆ ಅನ್ನುವುದಿಲ್ಲ. ನಾವು ಅನ್ನುವುದು ‘ಮನೇಲಿ’. ಮನೆಯಲ್ಲಿ ಎಂಬುದರ ನಡುವಿನ ‘ಯ’ ಬಿದ್ದಾಗ ಹಿಂದಿನ ಎಕಾರ ದೀರ್ಘವಾಗುತ್ತದೆ. ‘ಶಾಲೆಯಲ್ಲಿ’ ಶಾಲೇಲಿ ಆಗುವುದೂ ‘ಕೋಣೆಯಲ್ಲಿ’ ಕೋಣೇಲಿ ಆಗುವುದೂ ಹೀಗೆಯೇ. ಆದ್ದರಿಂದ ಇಲ್ಲಿ ತಿದ್ದುಪಡಿ ಒಂದು ದೀರ್ಘ ಮಾತ್ರ.

ಆಡುಮಾತಿಗೆ ವ್ಯಾಕರಣವಿಲ್ಲ, ಬರಹದ ಕನ್ನಡ ಸವೆದು ಹರಿದು ಆಡುಮಾತಾಗುತ್ತದೆ ಎಂಬ ತಿಳಿವಳಿಕೆ ಇನ್ನೂ ಇದೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ 1958ರಲ್ಲೇ ಆಡುಗನ್ನಡಕ್ಕೊಂದು ವ್ಯಾಕರಣ ಬರೆದು ಪ್ರಕಟಿಸಿದರು. ಮಾತಿನ ರೂಪಗಳಿಗೆ ತಮ್ಮದೇ ನಿಯಮಗಳಿವೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಬಂದರು ಎಂಬುದು ಬಂದ್ರು ಆಗುತ್ತದೆ, ಅಂದರೆ ಎಂಬುದು ಅಂದ್ರೆ, ಮರೆತು ಎಂಬುದು ಮರ್ತು; ನಡುವಿನ ಗಿಡ್ಡ ಸ್ವರ ಬೀಳುತ್ತದೆ, ವ್ಯಂಜನಗಳು ಅಂಟಿಕೊಳ್ಳುತ್ತವೆ. ಬಂದಳು ಎಂಬಲ್ಲಿ ಆ ಸ್ವರ ಬಿದ್ದಾಗ ದಕಾರದ ಪಕ್ಕಕ್ಕೆ ಬಂದ ಳಕಾರ ಲಕಾರವಾಗಿ ಬಂದ್ಲು ಆಗುತ್ತದೆ. ಇದನ್ನು ‘ಬಂದ್ಳು’ ಎಂದು ಬರೆಯುವವರೂ ಇದ್ದಾರೆ. ಎರಡರಲ್ಲಿ ಒಂದನ್ನು ಹಿಡಿದು ಕಾಗದದ ಉದ್ದಕ್ಕೂ ಅದನ್ನೇ ಉಳಿಸಿಕೊಳ್ಳಬೇಕು. ಇದಕ್ಕಾಗಿ ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು, ಮಾತಿನ ರೂಪ ಮೊದಲು ಎದುರಾದಾಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಮನೇಲಿ, ಅಂದ್ರೆ, ಬಂದ್ಲು, ಬರೋದಿಲ್ಲ, ಡಾಕ್ಟ್ರು, ಹೀಗೆ. ಯಾವ ರೂಪ ಹಿಡಿಯಬೇಕು ಎಂದು ತೀರ್ಮಾನಿಸುವುದು ನಮ್ಮ ಇಷ್ಟದಿಂದಲ್ಲ, ಬರೆದವಳು ಹೆಚ್ಚು ಸಲ ಬಳಸಿರುವುದರಿಂದ.

ಆದರೆ ಈ ಸಮತೆಗೆ ಒಂದು ಗಡಿ ಇದೆ. ಅದನ್ನು ಮರೆತವರೇ ಹೆಚ್ಚು ಹಾಳು ಮಾಡುವುದು. ತುಣುಕಿನ ಕೊನೆಯ ಮೂರು ವಾಕ್ಯಗಳನ್ನು ಮತ್ತೆ ಓದಿ. “ತೀರಿಕೊಂಡರು”, “ಹೋದರು”, “ನೆನೆಯುತ್ತಿದ್ದರು”. ಅಲ್ಲಿಯವರೆಗೆ ಬಂದ್ರು, ಅಂದ್ರು, ಕೂತಿದ್ರು ಎನ್ನುತ್ತಿದ್ದವಳು ಮೇಷ್ಟರ ಸಾವಿನ ಸುದ್ದಿಗೆ ಬಂದಾಗ ಶಬ್ದಗಳನ್ನು ಪೂರ್ತಿ ಬರೆದಿದ್ದಾಳೆ. ವಾಕ್ಯಗಳೂ ಗಿಡ್ಡವಾಗಿವೆ, ‘ಕಣೇ’ ‘ನೋಡು’ ಒಂದೂ ಇಲ್ಲ. ಇದು ಅಸಮತೆ ಎಂದು ಕಂಡು ‘ತೀರ್ಕೊಂಡ್ರು’ ಎಂದು ಸಮ ಮಾಡುವವನು ಚೀಟಿಯ ನಿಯಮವನ್ನು ಪಾಲಿಸಿದ್ದಾನೆ, ಕಾಗದವನ್ನು ಕೆಡಿಸಿದ್ದಾನೆ. ಅವಳು ಇಲ್ಲಿ ಎದ್ದು ನಿಂತು ಮಾತಾಡಿದ್ದಾಳೆ. ಹಾಗೆಯೇ ‘ಬಹಳ ನೆನೆಯುತ್ತಿದ್ದರು’ ಎಂಬುದನ್ನು ‘ಸದಾ ಸ್ಮರಿಸುತ್ತಿದ್ದರು’ ಎಂದು ಏರಿಸುವ ಅಗತ್ಯವೂ ಇಲ್ಲ. ಒಂದು ಕಾಗದದಲ್ಲಿ ರೂಪಗಳು ಬದಲಾದರೆ ಮೊದಲು ಕೇಳಬೇಕಾದ್ದು, ಅಲ್ಲಿ ವಿಷಯವೂ ಬದಲಾಗಿದೆಯೇ ಎಂದು. ಬದಲಾಗಿದ್ದರೆ ಕೈಬಿಡಿ. ಒಂದೇ ವಾಕ್ಯದೊಳಗೆ ಕಾರಣವಿಲ್ಲದೆ ‘ಬಂದ್ರು’ ಒಂದು ಕಡೆ, ‘ಹೇಳಿದರು’ ಇನ್ನೊಂದು ಕಡೆ ಇದ್ದರೆ ಸರಿ ಮಾಡಿ.

ಯಾರು, ಏನು ಮಾಡಿದರು

ಮೂರನೆಯ ಸುತ್ತು ವ್ಯಾಕರಣದ್ದು. ಹರಟೆಯ ಕಾಗದದಲ್ಲಿ ನಾನು ನೋಡುವ ವ್ಯಾಕರಣವೆಲ್ಲ ಒಂದೇ ಪ್ರಶ್ನೆಗೆ ಸೇರಿದ್ದು: ಯಾರು ಏನು ಮಾಡಿದರು ಎಂಬುದು ಓದುವವರಿಗೆ ತಪ್ಪದೆ ಗೊತ್ತಾಗುತ್ತದೆಯೇ?

“ಅಮ್ಮ ಸ್ನಾನ ಮಾಡಿ ಡಾಕ್ಟ್ರು ಬಂದ್ರು.” ಇಲ್ಲಿ ನಿಜವಾದ ತಪ್ಪಿದೆ. ಮಾಡಿ, ನೋಡಿ, ಬಂದು ಎಂಬ ಅಪೂರ್ಣ ಕ್ರಿಯಾಪದ ಸಾಮಾನ್ಯವಾಗಿ ತನ್ನ ಕರ್ತೃವನ್ನೇ ಮುಂದಿನ ಕ್ರಿಯೆಗೂ ಒಯ್ಯುತ್ತದೆ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃ ಬೇರೆಯಾದರೂ ಒಂದು ಇನ್ನೊಂದಕ್ಕೆ ಕಾರಣವಾಗಿರುವುದರಿಂದ ಸಲ್ಲುತ್ತದೆ. ಅಮ್ಮನ ಸ್ನಾನ ಡಾಕ್ಟರು ಬಂದದ್ದಕ್ಕೆ ಕಾರಣವಲ್ಲ. ಇದನ್ನು ತಿದ್ದಲೇಬೇಕು, ಆದರೆ ಅವಳ ಬಾಯಲ್ಲಿ ಬರುವಂಥ ಮಾತಿನಲ್ಲೇ: “ಅಮ್ಮನ ಸ್ನಾನ ಆದ್ಮೇಲೆ ಡಾಕ್ಟ್ರು ಬಂದ್ರು.” ‘ಅಮ್ಮ ಸ್ನಾನ ಮಾಡಿದ ನಂತರ ವೈದ್ಯರು ಆಗಮಿಸಿದರು’ ಎಂದು ಬರೆದರೆ ತಪ್ಪಿನ ಜೊತೆಗೆ ಬರೆದವಳನ್ನೂ ಆಚೆಗೆ ಕಳಿಸಿದ ಹಾಗೆ.

ಮುಂದಿನದು ಇನ್ನೂ ಸೂಕ್ಷ್ಮ. “ನಾನು ಆಸ್ಪತ್ರೆಗೆ ಬರೋದಿಲ್ಲ ಅಂತ ಅಂದ್ಲು.” ಈ ನಾನು ಯಾರು? ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ಹೇಳುವಾಗ ಮಾತು ಮುಗಿದ ಜಾಗವನ್ನು ‘ಅಂತ’ ತೋರಿಸುತ್ತದೆ, ಶುರುವಾದ ಜಾಗವನ್ನು ತೋರಿಸುವ ಶಬ್ದ ಯಾವುದೂ ಇಲ್ಲ. ಹಾಗಾಗಿ ಇದು ಅಮ್ಮ ತನ್ನ ಬಗ್ಗೆ ಹೇಳಿದ ಮಾತೂ ಆಗಬಹುದು, ಅಮ್ಮನನ್ನು ಕರೆದೊಯ್ಯಲು ಬರೆದವಳು ಬರುವುದಿಲ್ಲ ಎಂದು ಅಮ್ಮ ದೂರಿದ ಮಾತೂ ಆಗಬಹುದು. ಪದ್ದುವಿಗೆ ಗೊಂದಲವಾಗುವುದಿಲ್ಲ; ಓದುವ ಹುಡುಗಿಗೆ ಆಗುತ್ತದೆ. ‘ನಾನು’ ತೆಗೆದು ‘ತಾನು’ ಹಾಕಬಹುದು, ಆದರೆ ಅಮ್ಮನ ದನಿ ಮಸುಕಾಗುತ್ತದೆ. ಒಂದು ಜೊತೆ ಉದ್ಧರಣ ಚಿಹ್ನೆ ಹಾಕಿದರೆ ಒಂದು ಶಬ್ದವೂ ಬದಲಾಗದೆ ಅರ್ಥ ನಿಲ್ಲುತ್ತದೆ. ಕಾಗದದಲ್ಲಿರುವ ಎಲ್ಲ ‘ಅಂತ’ಗಳಿಗೂ ಚಿಹ್ನೆ ಬೇಡ. ‘ನೀರಿಲ್ಲ ಅಂತ ಗೊತ್ತಾಗಿ’ ಎಂಬಲ್ಲಿ ಯಾವ ಗೊಂದಲವೂ ಇಲ್ಲ. ಅಲ್ಲಿ ಚಿಹ್ನೆ ಬರೀ ಕಸ. ಉದ್ಧರಿಸಿದ ಮಾತಿನೊಳಗೆ ನಾನು, ನೀನು, ನಮ್ಮ, ನಿಮ್ಮ ಬಂದಾಗ ಮಾತ್ರ ಎಚ್ಚರ ಬೇಕು.

ಇನ್ನು, ಆ ‘ಅಂದ್ಲು’ ಎಂದವಳು ಅಮ್ಮನೇ ಎಂದು ನಮಗೆ ಹೇಗೆ ಗೊತ್ತು? ವಾಕ್ಯದಲ್ಲಿ ಅಮ್ಮ ಎಂಬ ಶಬ್ದವಿಲ್ಲ. ಹಿಂದಿನ ವಾಕ್ಯದಲ್ಲಿ ಡಾಕ್ಟರಿದ್ದಾರೆ, ಅತ್ತೆಯಿದ್ದಾರೆ. ಬರೆದವಳಿಗೆ ಅತ್ತೆ ‘ಕೂತಿದ್ರು’, ಡಾಕ್ಟರು ‘ಅಂದ್ರು’, ಅಮ್ಮ ಮಾತ್ರ ‘ಅಂದ್ಲು’. ಹೆತ್ತ ತಾಯಿಯನ್ನು ಏಕವಚನದಲ್ಲಿ ಹೇಳುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಅದು ಸಲಿಗೆ, ಅಗೌರವವಲ್ಲ. ಸಭ್ಯತೆಯ ನೆಪದಲ್ಲಿ ‘ಅಂದ್ಲು’ ಎಂಬುದನ್ನು ‘ಅಂದ್ರು’ ಮಾಡಿದವನು ತಾಯಿಮಗಳ ನಡುವೆ ಇಲ್ಲದ ದೂರವನ್ನು ತರುತ್ತಾನೆ. ಅಷ್ಟೇ ಅಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದವರು ಅಮ್ಮನೋ ಅತ್ತೆಯೋ ಎಂಬುದೇ ತಿಳಿಯದಂತೆ ಮಾಡುತ್ತಾನೆ. ಒಂದು ಪ್ರತ್ಯಯ ಇಲ್ಲಿ ಸಂಬಂಧವನ್ನೂ ಹೇಳುತ್ತಿದೆ, ಕರ್ತೃವನ್ನೂ ತೋರಿಸುತ್ತಿದೆ. ನೋಡಬೇಕಾದ್ದು ಇಷ್ಟೇ: ಇಡೀ ಕಾಗದದಲ್ಲಿ ಅಮ್ಮ ಒಂದೇ ರೀತಿ ಬಂದಿದ್ದಾಳೆಯೇ? ಒಂದು ಪುಟದಲ್ಲಿ ಬಂದ್ಲು, ಇನ್ನೊಂದರಲ್ಲಿ ಬಂದ್ರು ಎಂದಿದ್ದರೆ ನಾವೇ ತೀರ್ಮಾನಿಸದೆ ಬರೆದವಳನ್ನು ಕೇಳಬೇಕು. ನಾದಿನಿಯೂ ‘ಹೋದ್ಲು’ ಎನಿಸಿಕೊಂಡಿದ್ದಾಳಲ್ಲ, ಅವಳ ಜೊತೆ ಬೆರಕೆಯಾಗದೇ ಎಂದರೆ, ಅದಕ್ಕೆ ಅಮ್ಮನ ಸುದ್ದಿಯನ್ನು ಹೊಸ ಪ್ಯಾರಾದಲ್ಲಿ ಶುರು ಮಾಡಿದರೆ ಸಾಕು.

ಚಿಹ್ನೆಗಳ ಉಪಕಾರ

ಇಂಥ ಕಾಗದಗಳಲ್ಲಿ ಪೂರ್ಣವಿರಾಮವೇ ಅಪರೂಪ; ಮಾತು ನಿಲ್ಲದೆ ಹರಿಯುತ್ತದೆ. ಕನ್ನಡದಲ್ಲಿ ವಾಕ್ಯ ಮುಗಿಯುವ ಜಾಗವನ್ನು ಪೂರ್ಣ ಕ್ರಿಯಾಪದ ತೋರಿಸಿಕೊಡುವುದರಿಂದ ನಿಲುಗಡೆ ಹುಡುಕುವುದು ಕಷ್ಟವಲ್ಲ. ಎಡವುವುದು ಎರಡು ಕಡೆ. ಒಂದು, ‘ಕಣೇ’ ‘ನೋಡು’ ‘ಅಲ್ವಾ’ ಇಂಥವು ಕ್ರಿಯಾಪದದ ಆಚೆ ನಿಲ್ಲುತ್ತವೆ. ‘ಹೋಯ್ತು ಕಣೇ’ ಎಂಬಲ್ಲಿ ನಿಲುಗಡೆ ಕಣೇ ಆದ ಮೇಲೆ. ನಮ್ಮ ತುಣುಕಿನ ‘ಹೋದ್ಲು ನೋಡು ಎಂಥಾ ಹೆಂಗಸು’ ಎಂಬಲ್ಲಿ ‘ನೋಡು’ ಹಿಂದಿನದಕ್ಕೂ ಸೇರಬಹುದು, ಮುಂದಿನದಕ್ಕೂ ಸೇರಬಹುದು. ಗಟ್ಟಿಯಾಗಿ ಓದಿದಾಗ ದನಿ ಏರುವುದು ‘ನೋಡು’ ಎಂಬಲ್ಲಿ. ಆದ್ದರಿಂದ ಅದನ್ನು ಮುಂದಿನ ವಾಕ್ಯಕ್ಕೆ ಕೊಡುತ್ತೇನೆ.

ಎರಡನೆಯದು, ಕ್ರಿಯಾಪದ ಮೊದಲೇ ಬಂದು ಉಳಿದದ್ದು ಹಿಂಬಾಲಿಸುವ ವಾಕ್ಯ. “ಬಂದಿದ್ಲು ಮೊನ್ನೆ ನಿನ್ನ ನಾದಿನಿ ಬಸ್ ಹತ್ತಿ ಹಾಸನದಿಂದ ಒಬ್ಳೇ.” ಪಠ್ಯಪುಸ್ತಕದ ಕ್ರಮಕ್ಕೆ ತಂದರೆ ‘ಮೊನ್ನೆ ನಿನ್ನ ನಾದಿನಿ ಹಾಸನದಿಂದ ಒಬ್ಬಳೇ ಬಸ್ ಹತ್ತಿ ಬಂದಿದ್ದಳು’ ಆಗುತ್ತದೆ. ವ್ಯಾಕರಣಕ್ಕೆ ಎರಡೂ ಸರಿ. ಆದರೆ ಅವಳ ಕ್ರಮದಲ್ಲಿ ಯಾರೋ ಬಂದರು ಎಂಬುದು ಮೊದಲು, ಯಾರು ಎಂಬುದು ಆಮೇಲೆ, ಎಲ್ಲಕ್ಕಿಂತ ದೊಡ್ಡ ಅಚ್ಚರಿಯಾದ ‘ಒಬ್ಳೇ’ ಕೊನೆಗೆ. ಕ್ರಮ ಬದಲಿಸಬೇಡಿ, ಎರಡು ಅಲ್ಪವಿರಾಮ, ಕೊನೆಗೊಂದು ಆಶ್ಚರ್ಯಸೂಚಕ ಹಾಕಿ. ಹೀಗೆ ಎಲ್ಲ ಸುತ್ತುಗಳೂ ಮುಗಿದ ಮೇಲೆ ತುಣುಕು ಇಷ್ಟಾಗುತ್ತದೆ:

“ಲೇ ಪದ್ದೂ, ಹೇಗಿದೀಯೇ? ನಿನ್ನ ಕಾಗದ ಬಂದು ಎಷ್ಟು ಸಂತೋಷ ಆಯ್ತು ಅಂದ್ರೆ, ಮಧ್ಯಾಹ್ನ ಊಟಾನೂ ಮರ್ತು ಹೋಯ್ತು ಕಣೇ. ಬಂದಿದ್ಲು ಮೊನ್ನೆ, ನಿನ್ನ ನಾದಿನಿ, ಬಸ್ ಹತ್ತಿ ಹಾಸನದಿಂದ ಒಬ್ಳೇ! ನಮ್ಮ ಬಾವಿ ಮೋಟ್ರು ಹಾಳಾಗಿ ಮನೇಲಿ ನೀರಿಲ್ಲ ಅಂತ ಗೊತ್ತಾಗಿ, ಎರಡು ಕೊಡ ನೀರು ತಾನೇ ಸೇದಿ ಕೊಟ್ಟು ಹೋದ್ಲು. ನೋಡು, ಎಂಥಾ ಹೆಂಗಸು! ಅವಳ ಸೊಸೆ ಕೆಲಸ ಬಿಟ್ಲಂತೆ.

ಅಮ್ಮನ ಸ್ನಾನ ಆದ್ಮೇಲೆ ಡಾಕ್ಟ್ರು ಬಂದ್ರು. ಕಾಲಿನ ಬಾವು ಇಳಿದಿದೆ ಅಂದ್ರು. ಅತ್ತೆ ಪಕ್ಕದಲ್ಲೇ ಕೂತಿದ್ರು. ‘ನಾನು ಆಸ್ಪತ್ರೆಗೆ ಬರೋದಿಲ್ಲ’ ಅಂತ ಅಂದ್ಲು. ಹಟ ಅಂದ್ರೆ ಹಟ.

ನಮ್ಮ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಬೆಳಗಿನ ಜಾವ ನಿದ್ದೆಯಲ್ಲೇ ಹೋದರು. ನಿನ್ನನ್ನು ಬಹಳ ನೆನೆಯುತ್ತಿದ್ದರು.”

ಅಮ್ಮನ ಸ್ನಾನದ ವಾಕ್ಯವೊಂದನ್ನು ಬಿಟ್ಟರೆ ಒಂದು ಶಬ್ದವೂ ಹೊರಗಿನದು ಬಂದಿಲ್ಲ, ಒಂದು ಶಬ್ದವೂ ಕಳೆದಿಲ್ಲ.

ಅತಿಯಾಗಿ ತಿದ್ದಿದ್ದೇವೋ ಎಂದು ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಮೂಲದಲ್ಲಿರುವ ಕಣೇ, ನೋಡು, ಅಂತೆ, ಅಂತ, ಲೇ ಇವನ್ನು ಎಣಿಸಿ. ತಿದ್ದಿದ ಪ್ರತಿಯಲ್ಲೂ ಎಣಿಸಿ. ಒಂದು ಕಡಿಮೆಯಾಗಿದ್ದರೂ ಯಾಕೆ ತೆಗೆದೆ ಎಂಬುದಕ್ಕೆ ನಮ್ಮ ಬಳಿ ಉತ್ತರವಿರಬೇಕು. ‘ಪುನರುಕ್ತಿ’ ಎಂಬುದು ಉತ್ತರವಲ್ಲ. ಆಮೇಲೆ ತಿದ್ದಿದ ಪ್ರತಿಯನ್ನು ಮೂಲ ನೋಡದ ಇನ್ನೊಬ್ಬರ ಕೈಯಲ್ಲಿ ಗಟ್ಟಿಯಾಗಿ ಓದಿಸಿ, ಮೂಲವನ್ನು ಕೈಯಲ್ಲಿ ಹಿಡಿದು ನಾವು ಕೇಳಬೇಕು. ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಇನ್ನೂ ಕೆಲಸವಿದೆ; ಎಲ್ಲಿ ವಾರ್ತೆ ಓದುವವರ ದನಿ ಬರುತ್ತದೋ ಅಲ್ಲಿ ಕೆಲಸ ಹೆಚ್ಚಾಗಿದೆ.

ಬೇರೆ ಸೀಮೆಯ ಕಾಗದ

ಇಷ್ಟು ಹೊತ್ತು ಹೇಳಿದ್ದು ಹಳೆ ಮೈಸೂರಿನ ಕಾಗದದ ಮಾತು. ತಿದ್ದುವವನೂ ಅದೇ ಸೀಮೆಯವನಾದರೆ ಅಪಾಯ ಕಡಿಮೆ. ಧಾರವಾಡದ ಕಾಗದ ಮೈಸೂರಿನವನ ಕೈಗೆ ಬಂದಾಗ ನೋಡಬೇಕು. ಅಲ್ಲಿಯವರು “ತಮ್ಮ ಬಂದಾನ” ಎಂದು ಬರೆದರೆ ತಮ್ಮ ಬಂದಿದ್ದಾನೆ, ಈಗ ಮನೆಯಲ್ಲೇ ಇದ್ದಾನೆ ಎಂದರ್ಥ. ಶಾಲೆಯ ವ್ಯಾಕರಣದಲ್ಲಿ ‘ಬಂದಾನು’ ಎಂಬ ಸಂಭಾವನಾರ್ಥಕ ರೂಪ ಓದಿದವನು ಕೊನೆಗೆ ಕೊಂಬು ಬಿಟ್ಟುಹೋಗಿದೆ ಎಂದು ತಿಳಿದು ‘ತಮ್ಮ ಬಂದಾನು’ ಎಂದು ತಿದ್ದಿದರೆ, ಬಂದು ಕೂತಿರುವ ತಮ್ಮ ಬರಲೂಬಹುದು, ಬಾರದೆಯೂ ಇರಬಹುದು ಎಂದಾಗಿಬಿಡುತ್ತದೆ. ‘ಬಂದನು’ ಎಂದು ತಿದ್ದಿದರೂ ಅರ್ಥ ಸರಿಯಾಗುವುದಿಲ್ಲ; ಬಂದವನು ಇನ್ನೂ ಇದ್ದಾನೆ ಎಂಬುದು ಹೋಗುತ್ತದೆ. ಕರಾವಳಿಯವರ ‘ಮಾರಾಯ್ತಿ’ ತೆಗೆದು ‘ಕಣೇ’ ಹಾಕುವುದಂತೂ ಒಬ್ಬಳ ಕಾಗದಕ್ಕೆ ಇನ್ನೊಬ್ಬಳ ಸಹಿ ಹಾಕಿದ ಹಾಗೆ. ಆ ಸೀಮೆಯ ಮಾತು ಕೇಳಿ ಗೊತ್ತಿಲ್ಲದವನು ಅಂಥ ಕಾಗದದಲ್ಲಿ ಕಾಗುಣಿತದ ಸುತ್ತಿಗೇ ನಿಲ್ಲಿಸಬೇಕು, ಕ್ರಿಯಾಪದದ ತಂಟೆಗೆ ಹೋಗಬಾರದು.

ಕೊನೆಯದಾಗಿ, ತಿದ್ದಿದ ಕಾಗದ ಯಾರ ಕೈಗೆ ಹೋಗಬೇಕು ಎಂಬ ಮಾತು. ನೇರವಾಗಿ ಅಂಚೆಗೂ ಅಲ್ಲ, ಅಚ್ಚಿಗೂ ಅಲ್ಲ. ಬರೆದವಳಿಗೇ ಹಿಂದಕ್ಕೆ ಹೋಗಬೇಕು. ಕಾಗುಣಿತದ ತಿದ್ದುಪಡಿಯನ್ನು ಪೆನ್ನಿನಲ್ಲಿ ಮಾಡಬಹುದು. ಅದಕ್ಕೆ ಅವಳ ಒಪ್ಪಿಗೆ ಕೇಳಬೇಕಾಗಿಲ್ಲ. ವಾಕ್ಯ ಮುಟ್ಟಿದ್ದನ್ನು ಪೆನ್ಸಿಲಿನಲ್ಲಿ, ಪಕ್ಕದಲ್ಲಿ ಪ್ರಶ್ನೆಯ ರೂಪದಲ್ಲಿ ಬರೆಯಬೇಕು. ನಮ್ಮ ತುಣುಕಿನಲ್ಲಿ ನನ್ನ ಪೆನ್ಸಿಲ್ ಪ್ರಶ್ನೆಗಳು ಮೂರು. ‘ಡಾಕ್ಟರು ಬಂದದ್ದು ಅಮ್ಮನ ಸ್ನಾನ ಆದ ಮೇಲೆ ತಾನೇ?’ ‘ಆಸ್ಪತ್ರೆಗೆ ಬರೋದಿಲ್ಲ ಅಂದದ್ದು ಅಮ್ಮ ತಾನೇ?’ ಮೂರನೆಯದು, ‘ಮೊನ್ನೆ ಎಂದಿದ್ದೀರಿ, ಕಾಗದದ ತಲೆಯಲ್ಲಿ ತಾರೀಖು ಇಲ್ಲ, ಹಾಕುತ್ತೀರಾ?’ ಉದ್ದದ ಕಾಗದವನ್ನು ಒಂದೇ ದಿನ ಯಾರೂ ಬರೆದು ಮುಗಿಸುವುದಿಲ್ಲ. ಅದು ತಲುಪುವ ಹೊತ್ತಿಗೆ ಮೊದಲ ಪುಟದ ಮೊನ್ನೆ ಯಾವ ಮೊನ್ನೆಯೋ ಆಗಿರುತ್ತದೆ. ಈ ಪ್ರಶ್ನೆಗಳಿಗೆ ಅವಳು ಹೇಳಿದ್ದೇ ಕೊನೆ. ‘ಇಲ್ಲ, ನಾನು ಬರೆದ ಹಾಗೇ ಇರಲಿ, ಪದ್ದುಗೆ ಗೊತ್ತಾಗುತ್ತೆ’ ಎಂದರೆ ರಬ್ಬರು ತೆಗೆದುಕೊಂಡು ನಮ್ಮ ಪೆನ್ಸಿಲ್ ಗುರುತನ್ನು ನಾವೇ ಅಳಿಸಬೇಕು. ಅವಳ ಕಾಗದದಲ್ಲಿ ತಪ್ಪು ಯಾವುದು ಎಂದು ಹೇಳುವ ಕಸಬು ನಮ್ಮದು. ಅದರಲ್ಲಿ ಯಾವುದು ಹೋಗಬೇಕು ಎಂದು ಹೇಳುವ ಅಧಿಕಾರ ಅವಳದು.